ರೂಢಿ ಎಂಬ ಫೈಲು

ಟೈಪಿಂಗ್ ಇನ್‌ಸ್ಟಿಟ್ಯೂಟಿನ ನಾಲ್ಕನೆಯ ಟೈಪ್‌ರೈಟರಿನ ಹಳೆಯ ರಿಬ್ಬನ್ ಬಿಚ್ಚಿ, ಹೊಸ ಸುರುಳಿಯನ್ನು ಅರ್ಧ ಕೂರಿಸಿದ್ದಾಗ ಕರೆಂಟು ಬಂತು. ವಿಮಲಾಬಾಯಿ ಸುರುಳಿಯನ್ನು ಅಲ್ಲೇ ಬಿಟ್ಟು ಎದ್ದಳು. ಸವಣೂರಿನ ಬೆಳಗಿನ ಕರೆಂಟು ಯಾರಿಗೂ ಕಾಯುವುದಿಲ್ಲ. ರಿಬ್ಬನ್ನಿಗೆ ಕರೆಂಟು ಬೇಡ, ಮೂಲೆಯಲ್ಲಿದ್ದ ಕಂಪ್ಯೂಟರಿಗೆ ಬೇಕು. ಬೆರಳಿನ ಮಸಿಯನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡು, ಕಂಪ್ಯೂಟರಿನ ಮೇಲಿನ ಕೆಂಪು ಮುಸುಕು ತೆಗೆದು, ಸ್ಟೆಬಿಲೈಜರ್ ಒತ್ತಿದಳು. ಕೆಳಗಿನ ಅಂಗಡಿಯಲ್ಲಿ ಖಾರಾ ಕರಿಯಲು ಎಣ್ಣೆ ಇಟ್ಟಿದ್ದರು. ಆ ವಾಸನೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು.

ಬಿ ಡ್ರೈವಿಗೆ ತನ್ನ ಫ್ಲಾಪಿ ಹಾಕಿ, ದಿನವೂ ಮಾಡುವ ಹಾಗೆ, ರೂಢಿ ಎಂಬ ಫೈಲನ್ನು ಪರದೆಯ ಮೇಲೆ ತೋರಿಸು ಎಂದು ಹೇಳಿದಳು.

ಫೈಲು ಸಿಗಲಿಲ್ಲ ಎಂದಿತು ಮಷೀನು.

ಹೆಸರು ತಪ್ಪು ಹೊಡೆದೆನೇನೋ ಎಂದು ಮತ್ತೆ ಹೊಡೆದಳು. ಮತ್ತೆ ಅದೇ. ಟೆಕ್ಸ್ಟ್ ಫೈಲುಗಳಷ್ಟನ್ನೇ ತೋರಿಸು ಎಂದಳು. ಒಂದೂ ಇಲ್ಲ ಎಂದಿತು. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಕೈ ಒಂದು ಕ್ಷಣ ಯಾವ ಕೀಲಿಯನ್ನೂ ಹುಡುಕದೆ ಗಾಳಿಯಲ್ಲಿ ನಿಂತಿತು.

ಆ ಫೈಲು ದೊಡ್ಡದೇನೂ ಆಗಿರಲಿಲ್ಲ. ದಿನಕ್ಕೊಂದು ಸಾಲು. ಮೊದಲು ತಾರೀಖು: ವರ್ಷ ಮುಂದೆ, ಆಮೇಲೆ ತಿಂಗಳು, ಆಮೇಲೆ ದಿನ. ಹಾಗೆ ಬರೆದರೆ ಸಾಲುಗಳು ಎಂದೂ ಹಿಂದುಮುಂದಾಗುವುದಿಲ್ಲ. ಆಮೇಲೆ ಒಂದು ಜಾಗ ಬಿಟ್ಟು ಒಂದೋ ಸೊನ್ನೆಯೋ. ಆ ದಿನ ವಸಡಿಗೆ ತಪಕೀರು, ಅಂದರೆ ತಂಬಾಕಿನ ಪುಡಿ, ತಿಕ್ಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆಮೇಲೆ ಯಾಕೆ ಎನ್ನುವುದು, ನಾಲ್ಕಾರು ಮಾತಿನಲ್ಲಿ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನವು. ಆ ಮಷೀನಿಗೆ ಬೇರೆ ಅಕ್ಷರ ಬರುತ್ತಿರಲಿಲ್ಲ. ತನ್ನ ಮಾತು ಹಾಗೆ ಪರರ ಅಂಗಿ ತೊಟ್ಟು ನಿಂತದ್ದನ್ನು ನೋಡಿ ಮೊದಮೊದಲು ಅವಳಿಗೆ ಕಸಿವಿಸಿಯಾಗುತ್ತಿತ್ತು. ಆಮೇಲೆ ಒಳ್ಳೆಯದೇ ಎನಿಸಿತು. ಯಾರಾದರೂ ಇಣುಕಿದರೆ ತಕ್ಷಣಕ್ಕೆ ತಿಳಿಯುವುದಿಲ್ಲ.

ತಪಕೀರು ಅತ್ತೆ ಕೃಷ್ಣಾಬಾಯಿ ಕಲಿಸಿದ್ದು. ಮಗಳು ಹುಟ್ಟಿದ ಹೊಸತರಲ್ಲಿ ಹಲ್ಲು ನೋವೆಂದು ಒದ್ದಾಡುತ್ತಿದ್ದವಳ ಕೈಗೆ ತಮ್ಮ ಹಿತ್ತಾಳೆಯ ಡಬ್ಬಿ ಕೊಟ್ಟು, "ಒಂದ್ ಚೂರು ವಸಡಿಗೆ ತಿಕ್ಕು, ತಣ್ಣಗಾಗ್ತದ" ಎಂದಿದ್ದರು. ತಣ್ಣಗಾಯಿತು. ಆ ಮಗಳನ್ನು ಹಿರೇಕೆರೂರಿಗೆ ಮದುವೆ ಮಾಡಿ ಕೊಟ್ಟಾಯಿತು, ತಪಕೀರು ಉಳಿಯಿತು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಅವಳ ಕೆಳದುಟಿಯ ಒಳಮಗ್ಗುಲಿಗೆ ಬಿಳಿಯ ಕಲೆ ಇದೆಯೆಂದು ಕನ್ನಡಿ ಹಿಡಿದು ತೋರಿಸಿದರು. ಬಿಟ್ಟುಬಿಡಿ ಎಂದರು. ಬಿಡುತ್ತೇನೆಂದು ಬಂದಳು. ಮಂತ್ರಾಲಯದ ರಾಯರಿಗೆ ಬೇಡಿಕೊಂಡು ಬಿಟ್ಟಳು, ಎಂಟು ದಿನ. ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಬಿಟ್ಟಳು, ಐದು ದಿನ. ಡಬ್ಬಿಯನ್ನು ಕೆರೆಗೆ ಎಸೆದು ಬಂದ ಸಂಜೆಯೇ ಹೊಸದನ್ನು ತಂದಳು. ಆ ವರ್ಷವೇ ಇನ್‌ಸ್ಟಿಟ್ಯೂಟಿಗೆ ಈ ಕಂಪ್ಯೂಟರು ಬಂತು. ಹುಡುಗರಿಗೆ ಕಲಿಸುವ ಮೊದಲು ತಾನು ಕಲಿಯಬೇಕಲ್ಲ. ಏನನ್ನಾದರೂ ಹೊಡೆಯಬೇಕಲ್ಲ. ಹೊಡೆದ ಮೊದಲ ಸಾಲು: ಒಂದು, ಅತ್ತೆಯವರು ಉಪ್ಪಿನಕಾಯಿ ವಿಷಯ ಎತ್ತಿದರು.

ಮನೆಯಲ್ಲಿ ನೋಟುಬುಕ್ಕಿನಲ್ಲಿ ಬರೆಯಬಹುದಿತ್ತು ನಿಜ. ಆದರೆ ಆ ಮನೆಯಲ್ಲಿ ನೋಟುಬುಕ್ಕು ಯಾರೊಬ್ಬರದೂ ಆಗಿರಲಿಲ್ಲ. ಗಂಡ ವಿಠ್ಠಲ ಹೈಸ್ಕೂಲ್ ಮಾಸ್ತರ, ಖಾಲಿ ಹಾಳೆ ಕಂಡರೆ ಗಣಿತ ಬಿಡಿಸುತ್ತಿದ್ದ. ಅತ್ತೆ ಹಾಳೆ ಹರಿದು ಏಲಕ್ಕಿ ಕಟ್ಟುತ್ತಿದ್ದರು.

ಅಂತೂ ಬರೆಯತೊಡಗಿದ ಮೇಲೆ ಸೊನ್ನೆಗಳು ಹೆಚ್ಚಿದವು. ಯಾಕೆ ಎಂದು ಬರೆಯಬೇಕಲ್ಲ ಎನ್ನುವ ನಾಚಿಕೆಗೇ ಕೆಲವು ದಿನ ಕೈ ಡಬ್ಬಿಯಿಂದ ಹಿಂದೆ ಬರುತ್ತಿತ್ತು. ಕಲೆ ಸಣ್ಣದಾಯಿತು. ಈ ಬೇಸಿಗೆಯ ತನಕ ಸಣ್ಣದಾಗುತ್ತಲೇ ಇತ್ತು. ಹೋದ ವಾರ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ಕನ್ನಡಿ ತೋರಿಸಲಿಲ್ಲ. "ಮತ್ತ ದೊಡ್ಡದಾಗೇದಲ್ರಿ. ದೀಪಾವಳಿ ಕಳೀಲಿ. ಆವಾಗೂ ಹಿಂಗ ಇದ್ರ ಒಂದು ಚೂರು ತಗದು ಪರೀಕ್ಷಾಕ್ಕ ಕಳಸೋಣ" ಎಂದರು. ಎಲ್ಲಿಗೆ, ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಬಸ್ಸಿನಲ್ಲಿ ಶಿಗ್ಗಾಂವಿ ದಾಟುವವರೆಗೂ ನಾಲಗೆಯಿಂದ ತುಟಿಯ ಒಳಮಗ್ಗುಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೇಸಿಗೆಯಿಂದೀಚೆ ಒಂದುಗಳು ಮತ್ತೆ ಸಾಲುಗಟ್ಟಿದ್ದು ಯಾಕೆ? ಉತ್ತರ ಫೈಲಿನಲ್ಲಿದೆ, ಕೂತು ಮೊದಲಿನಿಂದ ಓದಬೇಕು, ಅಂದುಕೊಂಡಿದ್ದಳು. ಆ ಓದುವ ಬೆಳಗು ಇದೇ ಆಗಿತ್ತು.

ಮೆಟ್ಟಿಲ ಮೇಲೆ ಎರಡು ಜೋಡಿ ಚಪ್ಪಲಿಯ ಸದ್ದಾಯಿತು. ಇನ್‌ಸ್ಟಿಟ್ಯೂಟಿನ ಮಾಲಕ ಶಹಾಬುದ್ದೀನ, ಅವನ ಹಿಂದೆ ವಿಮಲಾಬಾಯಿಯ ಮೈದುನ ಪ್ರಹ್ಲಾದ. ಪ್ರಹ್ಲಾದ ಹುಬ್ಬಳ್ಳಿಯಲ್ಲಿ ಅಂಗಡಿ, ದವಾಖಾನೆಗಳಿಗೆ ಪ್ರೋಗ್ರಾಂ ಬರೆದುಕೊಡುವವ. ನಿನ್ನೆ ಊರಿಗೆ ಬಂದಿದ್ದ. ಊಟಕ್ಕೆ ಕೂತಾಗ ಡಾಕ್ಟರ ಮಾತು ಬಂದು, ನಿನ್ನ ಅತ್ತಿಗೆ ಏನನ್ನೋ ಕಂಪ್ಯೂಟರಿನಲ್ಲಿ ಬರೆದಿಡುತ್ತಾಳೆ ಎಂದು ವಿಠ್ಠಲನೇ ಹೇಳಿದ್ದ. ಪ್ರಹ್ಲಾದನ ಕಣ್ಣು ಅರಳಿತ್ತು. "ಕೊಡು ಅವಗ, ಚಲೋ ಮಾಡಿ ಕೊಡ್ತಾನ" ಎಂದಿದ್ದ ವಿಠ್ಠಲ. ವಿಮಲಾಬಾಯಿ ಹ್ಞೂಂ ಎಂದಿದ್ದಳು. ಏನು ಮಾಡಿಕೊಡುತ್ತಾನೆ ಎಂದು ಕೇಳುವಷ್ಟರಲ್ಲಿ ಸಾರು ಬಡಿಸುವ ಹೊತ್ತಾಗಿತ್ತು. ಸಂಜೆ ಅವನು ಶಹಾಬುದ್ದೀನನ ಜೊತೆ ಬಂದು ಇಲ್ಲಿ ಕೂತಿದ್ದು ಅವಳಿಗೆ ಗೊತ್ತಿತ್ತು.

"ವೈನಿ, ಆಗ್ಲೇ ಚಾಲೂ ಮಾಡೀರಿ? ಸರೀರಿ ಸರೀರಿ, ನಿಮಗೊಂದು ಮಜಾ ತೋರಸ್ತೇನಿ."

"ಪ್ರಹ್ಲಾದ, ನನ್ನ ಫೈಲ್ ಎಲ್ಲಿ?"

"ಅದರ ಒಳಗ ಅದರಿ. ಈಗ ನೋಡ್ರಿ." ಅವನು ತನ್ನ ಚೀಲದಿಂದ ಪ್ರೋಗ್ರಾಂ ಫ್ಲಾಪಿಗಳನ್ನು ತೆಗೆದು ಎ ಡ್ರೈವಿನಲ್ಲಿ ಒಂದರ ಹಿಂದೆ ಒಂದನ್ನು ಹಾಕಿದ. ಡ್ರೈವು ಕರಕರ ಎಂದಿತು. ಪರದೆಯ ನಡುವೆ ಚೌಕಟ್ಟು ಮೂಡಿತು. ಚೌಕಟ್ಟಿನೊಳಗೆ 'ನಿತ್ಯ ರೂಢಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ ಬಂತು.

"ಮಾಶಾಲ್ಲಾ!" ಎಂದ ಶಹಾಬುದ್ದೀನ. "ಬಾಯಾರ, ಸಿನಿಮಾ ಹೆಸರು ಬಂದಂಗ ಬಂತು ನೋಡ್ರಿ."

"ಡೇಟ್ ಹಾಕೂದು, ಹೌದು ಇಲ್ಲಾ ಒತ್ತೂದು, ಮುಗೀತು. ತಿಂಗಳಾ ಬೇಕಂದ್ರ ತಿಂಗಳಾ, ವರ್ಷಾ ಬೇಕಂದ್ರ ವರ್ಷಾ, ಎಣಿಸಿ ಚಿತ್ರಾ ತಗದು ಕೊಡ್ತದ. ಹುಬ್ಬಳ್ಳಿ ಡಾಕ್ಟರಿಗೆ ತೋರಿಸಿದ್ರ ಒಂದೊಂದು ದವಾಖಾನಿ ಒಂದೊಂದು ತಗೋತಾವ. ನೀವ ನಮ್ಮ ಮೊದಲನೇ ಪೇಶಂಟು."

"ಯಾಕ ಅಂತ ಬರದಿದ್ದೆ. ಅದು?"

"ಯಾವುದು?"

"ಸೊನ್ನಿ ಒಂದರ ಮುಂದ. ಮಾತು ಬರದಿದ್ದೆನಲ್ಲಾ."

"ಓ ಅದಾ." ಪ್ರಹ್ಲಾದ ಮುಗುಳ್ನಕ್ಕ. ನಗು ಕೆಟ್ಟದ್ದಾಗಿರಲಿಲ್ಲ. ಚಿಕ್ಕವನಿದ್ದಾಗ ಇವಳೇ ಅನ್ನ ಕಲಸಿ ಹಾಕಿದ ಹುಡುಗ. "ಅದನ್ನ ಎಣಸಾಕ ಬರೂದಿಲ್ರಿ ವೈನಿ. ಎಣಸಾಕ ಬರದಿದ್ದು ಡೇಟಾ ಅಲ್ಲ. ನೀವು ಅಂಕಣಾ ಎಷ್ಟು ನೀಟ್ ಇಟ್ಟಿದ್ರಿ ಅಂದ್ರ, ಒಂದ ಆಜ್ಞಾಕ್ಕ ತಾರೀಖು ಒಂದು ಕಡೆ, ಸೊನ್ನಿ ಒಂದು ಒಂದು ಕಡೆ ಬಂದು ಕುಂತ್ವು. ಮುಂದಿಂದಕ್ಕ ನಾ ಜಾಗಾನ ಇಟ್ಟಿಲ್ಲ. ಅದು ಹಂಗ ಬಿಟ್ಟ ಹೋತು."

"ಹಳೇ ಫೈಲು?"

"ಅಳಿಸಿದೆ. ಒಂದ ವಿಷಯ ಎರಡು ಕಡೆ ಇರಬಾರದು. ಗೊಂದಲ ಆಗ್ತದ."

ವಿಮಲಾಬಾಯಿಗೆ ಸಿಟ್ಟು ಬಂತು. ಏನು ಹೇಳುವುದು? ಅವನು ಅಳಿಸಿದ್ದನ್ನು ಅವನಿಗೆ ಅರ್ಥಮಾಡಿಸಲು, ಅದರಲ್ಲೇನಿತ್ತು ಎಂದು ಹೇಳಬೇಕಾಗುತ್ತಿತ್ತು. ನಿನ್ನ ಅಣ್ಣ ಊಟದ ನಡುವೆ ಹೀಗೆಂದ, ಅದಕ್ಕೆ. ನಿನ್ನ ತಾಯಿ ಹೀಗೆಂದರು, ಅದಕ್ಕೆ. ನೀನು ಬಂದು ಹೋದ ಮೇಲೆ ಮನೆ ಖಾಲಿಯಾಯಿತು, ಅದಕ್ಕೆ.

ಅವಳಿಗೆ ಇನ್ನೊಂದು ಸಿಟ್ಟೂ ಇತ್ತು. ಒಂದು ಪ್ರೋಗ್ರಾಮಿಗೆ ಅಂಟಿಕೊಂಡ ಫೈಲು ಕೈಕೊಡುತ್ತದೆಂಬ ಪಾಠವನ್ನು ಅವಳು ಒಮ್ಮೆ ಕಲಿತಾಗಿತ್ತು. ಮೊದಲ ವರ್ಷ ವರ್ಡ್‌ಸ್ಟಾರ್ ಎಂಬ ಬರವಣಿಗೆ ಪ್ರೋಗ್ರಾಮಿನಲ್ಲಿ ಡಿ ಒತ್ತಿ, ಅಂದರೆ ಪತ್ರ ಹೊಡೆಯುವ ರೀತಿಯಲ್ಲೇ, ಸಾಲುಗಳನ್ನು ಹೊಡೆಯುತ್ತಿದ್ದಳು. ಒಂದು ದಿನ ಅದೇ ಫೈಲನ್ನು ವರ್ಡ್‌ಸ್ಟಾರಿನ ಹೊರಗೆ ತೆರೆದರೆ ಎಷ್ಟೋ ಮಾತುಗಳ ಕೊನೆಯ ಅಕ್ಷರ ಸೊಟ್ಟಗೆರೆಯಾಗಿ, ಚಿತ್ರವಾಗಿ ಬಂದಿತ್ತು. ಅತ್ತೆಯವರು ಎಂದು ಹುಡುಕಿದರೆ ಅಂಥ ಸಾಲೇ ಇಲ್ಲವೆನ್ನುತ್ತಿತ್ತು. ಆ ಪ್ರೋಗ್ರಾಂ ತನ್ನ ಗುರುತುಗಳನ್ನು ಅವಳ ಮಾತಿನೊಳಗೇ ಸೇರಿಸಿಡುತ್ತಿತ್ತು. ಮುಂದೆ ಎನ್ ಒತ್ತಿ, ಬರೀ ಅಕ್ಷರಗಳಷ್ಟೇ ಇರುವ ಹಾಗೆ ಎಲ್ಲವನ್ನೂ ಮತ್ತೆ ಹೊಡೆದಳು. ನಡುವೆ ಶಹಾಬುದ್ದೀನ ಎಲ್ಲಿಂದಲೋ ಬೇರೊಂದು ಬರವಣಿಗೆ ಪ್ರೋಗ್ರಾಂ ತಂದ. ಅವಳ ಫೈಲು ಅದರಲ್ಲೂ ತೆರೆಯಿತು. ಅದು ಕೆಟ್ಟು ಮತ್ತೆ ವರ್ಡ್‌ಸ್ಟಾರಿಗೆ ಬಂದಾಗಲೂ ತೆರೆಯಿತು. ಯಾವ ಪ್ರೋಗ್ರಾಮಿನ ಹಂಗೂ ಇಲ್ಲದ ಫೈಲು. ಅದನ್ನು ಅವಳು ಅಷ್ಟು ಕಷ್ಟಪಟ್ಟು ಹಂಗಿನಿಂದ ಬಿಡಿಸಿಟ್ಟಿದ್ದಳು.

"ಈಗ ಗ್ರಾಫ್ ನೋಡ್ರಿ." ಪ್ರಹ್ಲಾದ ಇನ್ನೊಂದು ಕೀಲಿ ಒತ್ತಿದ. ತಿಂಗಳಿಗೊಂದು ಸಾಲು. ತಿಕ್ಕಿದ ದಿನಕ್ಕೆ ನಕ್ಷತ್ರ, ತಿಕ್ಕದ ದಿನಕ್ಕೆ ಖಾಲಿ. ಎರಡು ವರ್ಷದ ಅವಳ ಬಾಯಿ ಪರದೆಯ ಮೇಲೆ ಮಿಣಮಿಣ ಮಿನುಗಿತು. ಶಹಾಬುದ್ದೀನ ಕನ್ನಡಕ ಏರಿಸಿ ಬಗ್ಗಿ ನೋಡಿದ. ಅವಳಿಗೆ ಸೆರಗಿನಿಂದ ಪರದೆಯನ್ನು ಮುಚ್ಚಿಬಿಡುವಂತಾಯಿತು.

"ವೈನಿ, ಇಲ್ಲೊಂದು ವಿಶೇಷ ಅದ." ಪ್ರಹ್ಲಾದ ಪರದೆಗೆ ಬೆರಳು ಹಚ್ಚಿದ. "ಪ್ರತಿ ತಿಂಗಳಾ ಒಮ್ಮೆ ಮೂರು ನಾಕು ದಿನಾ ಸಾಲಾಗಿ ಖಾಲಿ. ಒಂದು ತಿಂಗಳಾನೂ ತಪ್ಪಿಲ್ಲ. ಏನ್ ವ್ರತಾ ಹಿಡದಿದ್ರಿ?"

ವಿಮಲಾಬಾಯಿಯ ಕಿವಿ ಬಿಸಿಯಾಯಿತು. ಶಹಾಬುದ್ದೀನ ಕೆಮ್ಮಿದ. ಐದು ಹೆಣ್ಣುಮಕ್ಕಳ ತಂದೆ. ಕಿಟಕಿಯ ಕಡೆ ಹೋಗಿ, "ಏ ಬಾಬಾಜಾನ, ಮ್ಯಾಲೆ ಮೂರು ಚಾ ಕಳಸೋ!" ಎಂದು ಕೆಳಗಿನ ಅಂಗಡಿಗೆ ಕೂಗಿದ.

"ಹ್ಞೂಂ, ಏನೋ ಒಂದು" ಎಂದಳು ಅವಳು.

"ಹಂಗಾರ ಯಾಕ ಬಿಟ್ರಿ? ನೋಡ್ರಿ, ಮೇ ತಿಂಗಳದಿಂದ ಆ ಖಾಲಿ ಜಾಗಾನ ಇಲ್ಲ. ಅಲ್ಲಿಂದನ ಕೆಟ್ಟದ್ದು. ಆ ವ್ರತಾ ಮತ್ತ ಹಿಡೀರಿ, ನಾ ಹೇಳ್ತೇನಿ!"

ಚಹಾ ಬಂತು. ಅವನು ಒಂದೇ ಗುಟುಕಿಗೆ ಕುಡಿದು, ಪ್ರೋಗ್ರಾಂ ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡ.

"ಅದನ್ನೂ ಒಯ್ತೀ ಏನು?" ಎಂದಳು.

"ಇದು ನಮ್ಮ ಕಂಪನೀದರಿ, ಇಲ್ಲಿ ಬಿಡಾಕ ಬರೂದಿಲ್ಲ. ನಿಮ್ಮ ಡೇಟಾ ನಿಮ್ಮ ಫ್ಲಾಪಿಯೊಳಗ ಅದ. ನಾ ಒಂದು ಕಾಪಿ ತಗೊಂಡೇನಿ. ಮುಂದಿನ ತಿಂಗಳಾ ಬರ್ತೇನಿ."

"ಅಲ್ಲೀ ತನಕ ನಾ ಎಲ್ಲಿ ಬರೀಲಿ? ನಿನ್ನ ಪ್ರೋಗ್ರಾಂ ಇಲ್ದ ಅದು ತೆರೀತದ ಏನು?"

"ಅಲ್ಲೀ ತನಕ ಚೀಟ್ಯಾಗ ಬರದ ಇಡ್ರಿ ವೈನಿ. ನಾ ಬಂದು ಹೊಡೀತೇನಿ."

ಅವನ ಚಪ್ಪಲಿ ಸದ್ದು ಕೆಳಗಿಳಿದ ಮೇಲೆ, ಅವಳು ಹೊಸ ಫೈಲನ್ನು ನೇರವಾಗಿ ಪರದೆಗೆ ತಂದು ನೋಡಿದಳು. ಮೊದಲು ಏನೇನೋ ಚಿಹ್ನೆ, ಮಷೀನು ಒಮ್ಮೆ ಟಿಣ್ ಎಂದಿತು. ಆಮೇಲೆ ತಾರೀಖು, ಒಂದು, ತಾರೀಖು, ಸೊನ್ನೆ, ತಾರೀಖು, ಒಂದು. ಸಾಲು ಕೂಡ ಮುರಿದಿರಲಿಲ್ಲ. ತುದಿಯಿಂದ ತುದಿಗೆ ಒಂದೇ ಸಮ ಹರಿಯಿತು. ಅವಳ ಒಂದು ಮಾತೂ ಅದರಲ್ಲಿರಲಿಲ್ಲ.

"ಚಾ ಆರ್ತದರಿ ಬಾಯಾರ" ಎಂದ ಶಹಾಬುದ್ದೀನ. "ಹುಡುಗ ಶ್ಯಾಣ್ಯಾ ಇದ್ದಾನ. ಶ್ಯಾಣ್ಯಾರದು ಇದ ಗೋಳು. ನಮ್ಮ ಮನ್ಯಾಗ ಒಮ್ಮೆ ಅಳಿಯಾ ಬಂದು ಅಡಗಿ ಮನಿ ನೀಟ್ ಮಾಡಿದ್ದಾ. ಆಮ್ಯಾಲೆ ನಮ್ಮ ಮುಮ್ತಾಜಬೇಗಂಗ ಮೂರು ದಿನಾ ಉಪ್ಪ ಸಿಗಲಿಲ್ಲ."

ಅವಳು ನಗಲಿಲ್ಲ. ಹುಡುಗಿಯರು ಬಂದು ಟೈಪ್‌ರೈಟರಿನ ಮುಂದೆ ಕೂತರು. ನಾಲ್ಕನೆಯದಕ್ಕೆ ಬಂದವಳನ್ನು ಐದನೆಯದಕ್ಕೆ ಕಳಿಸಿದಳು.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಕೂತು ತಪಕೀರು ತಿಕ್ಕುತ್ತಿದ್ದರು. ತೋರುಬೆರಳನ್ನು ಬಾಯೊಳಗಿಂದ ತೆಗೆದು ಕೇಳಿದರು. "ಪ್ರಹ್ಲಾದ ಏನೋ ಚಿತ್ರಾ ತಗದು ತೋರಿಸಿದ್ನಂತಲ್ಲಾ? ನನ್ನದೂ ತಗೀ ಅನ್ನು. ನಾ ನಲವತ್ತು ವರ್ಷ ತಿಕ್ಕೇನಿ, ಒಂದು ಹಲ್ಲು ಅಲುಗಿಲ್ಲ. ಡಾಕ್ಟರಿಗೇನು, ಹೆದರಸೂದ ಅವರ ಕೆಲಸಾ."

"ಹ್ಞೂಂರಿ."

"ನಾಳೆ ಆಚಾರ್ಯರಿಗೆ ಊಟಕ್ಕ ಹೇಳೇನಿ. ಹೋಳಿಗಿ ಮಾಡಬೇಕಾಗ್ತದ. ಕ್ಲಾಸ್ ಬಿಟ್ಟು ಲಗೂನ ಬಾ."

"ಹ್ಞೂಂರಿ."

"ಮತ್ತ ಈ ತಿಂಗಳಾನೂ ಹೊರಗ ಆಗಲಿಲ್ಲ ಅಲ್ಲಾ ನೀನು?"

"ಇಲ್ರಿ. ತಡಾ ಆಗೇದ."

"ತಡಾ ಎಲ್ಲಿದು! ನನಗೂ ನಿನ್ನ ವಯಸ್ಸಿಗೇ ನಿಂತಿತ್ತು. ಚಲೋ ಆತು ತಗೋ. ಇನ್ನ ಮಡೀಲೆ ಅಡಗಿ ಮಾಡಾಕ ಇಡೀ ತಿಂಗಳಾ ಅಡ್ಡಿ ಇಲ್ಲ. ಮೂರು ದಿನಾ ಒಲಿ ಮುಂದ ಕೂಡಾಕ ನನ್ನ ಮಣಕಾಲು ಒಲ್ಲೆ ಅಂತಾವ."

"ನೋಡೋಣರಿ, ಇನ್ನೂ ಗೊತ್ತಾಗಿಲ್ಲ" ಎಂದಳು ವಿಮಲಾಬಾಯಿ. ಒಳಗೆ ಹೋದಾಗ ವಿಠ್ಠಲ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಳೆ ಚಾಚಿದ. "ಇದೊಂದು ಸ್ಟೆನ್ಸಿಲ್ ಹೊಡದು ಕೊಡ್ತೀ ಏನು? ನಾಡದ್ದು ಬೇಕು." ಅದಕ್ಕೂ ಹ್ಞೂಂ ಎಂದಳು. ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿ, ಕೈಚೀಲದ ತಳದಿಂದ ತನ್ನ ಪುಟ್ಟ ಡಬ್ಬಿ ತೆಗೆದು, ಬಾವಿಕಟ್ಟೆಯ ಮರೆಯಲ್ಲಿ ನಿಂತು ತಿಕ್ಕಿದಳು. ಕಲೆಯಿದ್ದ ಜಾಗ ಚುರುಗುಟ್ಟಿತು. ಬಾಯಿ ಮುಕ್ಕಳಿಸಿ ಉಗುಳುವಾಗ, ಇದನ್ನು ಎಲ್ಲಿ ಬರೆಯಲಿ ಎನ್ನುವುದೇ ಮೊದಲು ತಲೆಗೆ ಬಂತು. ಚೀಟಿಯಲ್ಲಿ! ಅವಳಿಗೆ ಎಂಥ ರೋಷ ಬಂತೆಂದರೆ, ಸಂಜೆ ಇನ್ನೊಮ್ಮೆ ತಿಕ್ಕಿದಳು.

ಮರುದಿನ ಬೆಳಗ್ಗೆ, ಸ್ಟೆನ್ಸಿಲ್‌ಗೆ ಮೊದಲು ತಿದ್ದಿಕೊಳ್ಳಲೆಂದು, ವರ್ಡ್‌ಸ್ಟಾರಿನಲ್ಲಿ ವಿಠ್ಠಲನ ಇಂಗ್ಲಿಷ್ ಮೀಡಿಯಂ ಪ್ರಶ್ನೆಪತ್ರಿಕೆ ಹೊಡೆಯಬೇಕಿತ್ತು. ಅದನ್ನಿಡಲು ಜಾಗವಿದೆಯೇ ನೋಡೋಣವೆಂದು ತನ್ನ ಫ್ಲಾಪಿಯಲ್ಲಿ ಏನೇನಿದೆ ಎಂದು ಕೇಳಿದಳು. ನಿನ್ನೆ ಟೆಕ್ಸ್ಟ್ ಫೈಲುಗಳನ್ನಷ್ಟೇ ಕೇಳಿದ್ದಳು. ಇಂದು ಎಲ್ಲವನ್ನೂ ಕೇಳಿದಳು. ಪ್ರಹ್ಲಾದನ ಡೇಟಾ ಫೈಲು ಬಂತು. ಹುಡುಗಿಯರ ಹಾಜರಿ ಬಂತು. ಅದರ ಕೆಳಗೆ ರೂಢಿ ಎಂದೇ ಇತ್ತು. ಆದರೆ ಚುಕ್ಕಿಯ ಮುಂದೆ ಟೆಕ್ಸ್ಟಿನ ಮೂರು ಅಕ್ಷರದ ಬದಲು ಬಾಕ್ ಎಂಬ ಮೂರು ಅಕ್ಷರ.

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ವರ್ಡ್‌ಸ್ಟಾರಿನ ಒಂದು ಅಭ್ಯಾಸವನ್ನು ಹುಡುಗಿಯರಿಗೆ ವರ್ಷವೂ ಹೇಳಿಕೊಡುತ್ತಿದ್ದವಳು ನಿನ್ನೆ ಸಿಟ್ಟಿನಲ್ಲಿ ತಾನೇ ಮರೆತಿದ್ದಳು. ಪ್ರತಿ ಸಲ ಫೈಲನ್ನು ಉಳಿಸಿದಾಗ, ಅದರ ಹಿಂದಿನ ರೂಪವನ್ನು ವರ್ಡ್‌ಸ್ಟಾರ್ ಬಾಕ್ ಎಂಬ ಹೆಸರಲ್ಲಿ ಪಕ್ಕಕ್ಕಿಡುತ್ತದೆ. ಪ್ರಹ್ಲಾದ ಅಳಿಸಿದ್ದು ಟೆಕ್ಸ್ಟ್ ಎಂಬ ಹೆಸರಿನವನ್ನು ಮಾತ್ರ.

ಬಾಕ್ ಫೈಲನ್ನು ತೆರೆಯೆಂದರೆ ವರ್ಡ್‌ಸ್ಟಾರ್ ಒಪ್ಪಲಿಲ್ಲ. ಅದೂ ಅದರ ಅಭ್ಯಾಸವೇ. ಹೊರಗೆ ಬಂದು ರೂಢಿ ಟೆಕ್ಸ್ಟ್ ಎಂದು ನಕಲು ಮಾಡಿ, ಎನ್ ಒತ್ತಿ ತೆರೆದಳು. ಎರಡು ವರ್ಷ ಬಂದು ನಿಂತವು. ಕೊನೆಯ ಬಾರಿ ಉಳಿಸುವ ಮೊದಲು ಹೊಡೆದಿದ್ದ ಒಂದು ಸಾಲು ಮಾತ್ರ ಇರಲಿಲ್ಲ. ಅದು ನೆನಪಿತ್ತು. ಅದನ್ನೂ ಹೊಡೆದು, ನಿನ್ನೆಯದನ್ನೂ ಹೊಡೆದಳು: ಒಂದು, ಹ್ಞೂಂ ಅಂದೆ, ಮತ್ತೆ ಮತ್ತೆ. ಉಳಿಸಿದಳು.

ಹುಡುಗಿಯರು ಬರಲು ಹೊತ್ತಿತ್ತು. ಪ್ರಹ್ಲಾದ ಬೆರಳು ಹಚ್ಚಿದ್ದ ಆ ಖಾಲಿ ಜಾಗಗಳು ನೆನಪಾದವು. ಹುಡುಕುವ ಆಜ್ಞೆಯಿದ್ದ ಡಾಸ್ ಫ್ಲಾಪಿಯನ್ನು ಎ ಡ್ರೈವಿಗೆ ಹಾಕಿ, 'ಹೊರಗೆ' ಎಂಬ ಮಾತಿರುವ ಸಾಲುಗಳನ್ನೆಲ್ಲ ಹುಡುಕಿ ಕೊಡು ಎಂದಳು. ಹೊರಗಾದ ದಿನಗಳಲ್ಲಿ ತನಗೆ ಅತ್ತೆಯ ಡಬ್ಬಿ ಮುಟ್ಟಲು ಬರುವುದಿಲ್ಲ, ಅದಕ್ಕೇ ಆ ದಿನ ಸೊನ್ನೆ, ಅಷ್ಟೇ ಎಂದು ಅವಳು ತಿಳಿದಿದ್ದಳು. ನಿನ್ನೆ ಪ್ರಹ್ಲಾದ ಕೇಳಿದಾಗಲೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದಳು.

ಸಾಲುಗಳು ಒಂದರ ಕೆಳಗೊಂದು ಬಂದವು.

ಸೊನ್ನೆ, ಹೊರಗೆ, ನನ್ನ ಡಬ್ಬಿ ಚೀಲದಲ್ಲೇ ಇತ್ತು, ನೆನಪಾಗಲಿಲ್ಲ.

ಸೊನ್ನೆ, ಹೊರಗೆ, ಕೋಣೆಯಲ್ಲಿ ಮಳೆ ನೋಡಿದೆ.

ಸೊನ್ನೆ, ಹೊರಗೆ, ಯಾರೂ ಏನೂ ಕೇಳಲಿಲ್ಲ.

ಸೊನ್ನೆ, ಹೊರಗೆ, ನಿದ್ದೆ.

ಸೊನ್ನೆ, ಹೊರಗೆ, ತಟ್ಟೆ ತಂದಿಟ್ಟು ಹೋದರು, ಸಾಕಾಯಿತು ಎನ್ನುವ ತನಕ ಹಾಡಿಕೊಂಡೆ.

ಸೊನ್ನೆ, ಹೊರಗೆ, ಇವತ್ತೂ ಯಾರೂ ಕೇಳಲಿಲ್ಲ.

ಇದನ್ನೆಲ್ಲ ತಾನೇ ಬರೆದಿದ್ದಳೆ? ಬರೆದದ್ದು ಬೇರೆ ಬೇರೆ ತಿಂಗಳಲ್ಲಿ, ಕರೆಂಟು ಹೋಗುವ ಮೊದಲು ಮುಗಿಸುವ ಅವಸರದಲ್ಲಿ. ಒಟ್ಟಿಗೆ ಎಂದೂ ಓದಿರಲಿಲ್ಲ. ಹೊರಗಾದಾಗ ಕೂರುವ, ಹಿತ್ತಲ ಬದಿಯ ಆ ಸಣ್ಣ ಕೋಣೆ ಕಣ್ಣಿಗೆ ಬಂತು. ಒಂದು ಚಾಪೆ, ಒಂದು ತಂಬಿಗೆ, ಒಂದು ಕಿಟಕಿ. ಮದುವೆಯಾಗಿ ಬಂದ ವರ್ಷ ಅಲ್ಲಿ ಕೂತು ಅವಮಾನಕ್ಕೆ ಅತ್ತಿದ್ದಳು. ಇನ್‌ಸ್ಟಿಟ್ಯೂಟಿಗೆ ಹೋಗಿಬಂದರೂ ಮನೆಯಲ್ಲಿ ಮೂಲೆ ಹಿಡಿಯುವುದು ತಪ್ಪಿರಲಿಲ್ಲ. ಆದರೆ ಆ ಮೂಲೆಗೆ ಹೋಳಿಗೆಯ ಮಾತು ಬರುತ್ತಿರಲಿಲ್ಲ, ಸ್ಟೆನ್ಸಿಲ್ ಬರುತ್ತಿರಲಿಲ್ಲ. ಅಲ್ಲಿ ಕೂತವಳನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಅವಳೂ ಹ್ಞೂಂ ಅನ್ನಬೇಕಾಗಿರಲಿಲ್ಲ.

ಇನ್ನೊಮ್ಮೆ, 'ಹ್ಞೂಂ' ಎನ್ನುವ ಮಾತಿಗೆ ಹುಡುಕಿದಳು. ಪರದೆ ತುಂಬಿ ಮೇಲಕ್ಕೆ ಓಡಿತು. ಓಡುತ್ತಿದ್ದ ಸಾಲುಗಳು ಒಂದರವೋ ಸೊನ್ನೆಯವೋ ಎಂದು ಅಂಕಿ ನೋಡುವ ಅಗತ್ಯವಿರಲಿಲ್ಲ.

ಹೊರಗೆ ಎಂಬ ಕೊನೆಯ ಸಾಲು ಏಪ್ರಿಲ್ಲಿನದು. ಈಗ ಶ್ರಾವಣ. ನಿಂತುಹೋಗಿದೆ, ಅವಳಿಗೆ ಗೊತ್ತಿತ್ತು. ಅತ್ತೆಗಿಂತ ಮೊದಲೇ ಗೊತ್ತಿತ್ತು. ಚಲೋ ಆತು ತಗೋ. ಚಲೋ ಆದದ್ದರ ಲೆಕ್ಕ ತುಟಿಯ ಒಳಗೆ ದೊಡ್ಡದಾಗುತ್ತಿತ್ತು.

ನಾಲಗೆಯಿಂದ ಆ ಜಾಗವನ್ನು ಮುಟ್ಟಿದಳು. ಪ್ರಹ್ಲಾದನ ಮಾತು ನೆನಪಾಯಿತು: ಆ ವ್ರತಾ ಮತ್ತ ಹಿಡೀರಿ. ಅವನಿಗೆ ತಿಳಿಯದೆ ಹೇಳಿದ ಮಾತು. ಅವನು ಬಂದಾಗ ಅವನ ಚೌಕಟ್ಟಿಗೆ ಒಂದೋ ಸೊನ್ನೆಯೋ ಒತ್ತಿಕೊಡಬಹುದು, ಅದಕ್ಕೇನು. ಹಳೆಯ ಫೈಲು ಸಿಕ್ಕಿತೆಂದು ಅವನಿಗೆ ಹೇಳಬೇಕಾಗಿಲ್ಲ.

ಮುಂದಿನ ತಿಂಗಳು ಒಂದು ಬೆಳಗು ಎದ್ದು ಹಿತ್ತಲ ಕೋಣೆಯಲ್ಲಿ ಚಾಪೆ ಹಾಸುತ್ತಾಳೆ. ಅಡಿಗೆಮನೆಯ ಹೊಸ್ತಿಲ ಆಚೆಗೇ ನಿಲ್ಲುತ್ತಾಳೆ. ಅತ್ತೆ ಹುಬ್ಬೇರಿಸಿ, ಇನ್ನೂ ನಿಂತಿಲ್ಲೇನು ಎಂದು ಗೊಣಗಿ, ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕೂರುತ್ತಾರೆ. ಆ ಮೊಣಕಾಲುಗಳನ್ನು ನೆನೆದು ಅವಳಿಗೆ ಪಾಪವೆನಿಸಿತು. ದೇವರ ಮನೆಯ ಹತ್ತಿರ ಸುಳ್ಳು ಎಂದೂ ಅನಿಸಿತು. ಎರಡನ್ನೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದಳು. ಮನಸ್ಸಿನೊಳಗಿನ ಚಾಪೆ ಮಾತ್ರ ಹಾಸಿದ್ದು ಹಾಸಿದ ಹಾಗೇ ಇತ್ತು. ಅದರ ಮರುತಿಂಗಳೂ ಹಾಸುತ್ತಾಳೆ. ಎಷ್ಟು ತಿಂಗಳಾಗುತ್ತದೋ ಅಷ್ಟು.

ಫೈಲಿನಲ್ಲಿ ಮಾತ್ರ ಆ ದಿನ ಹೊರಗೆ ಎಂದು ಬರೆಯುವುದಿಲ್ಲ. ಇಲ್ಲಿ ಇದುವರೆಗೆ ಸುಳ್ಳು ಹೊಡೆದಿಲ್ಲ. ಕೋಣೆ ಎಂದು ಬರೆಯುತ್ತಾಳೆ. ಮುಂದೆ ಎಂದಾದರೂ, ಯಾವ ಮಷೀನಿನಲ್ಲೋ, ಈ ವರ್ಡ್‌ಸ್ಟಾರೂ ಆ ಚೌಕಟ್ಟೂ ಇಲ್ಲದ ಕಾಲದಲ್ಲಿ ತೆರೆದರೂ, ಯಾವುದು ಹೊರಗೆ, ಯಾವುದು ಕೋಣೆ ಎಂದು ತನಗೆ ತಿಳಿಯುತ್ತದೆ.

ಬೀರುವಿನಿಂದ ಹೊಸ ಫ್ಲಾಪಿ ತೆಗೆದು ಫಾರ್ಮ್ಯಾಟ್ ಮಾಡಿ, ಫೈಲನ್ನು ಅದಕ್ಕೂ ನಕಲು ಮಾಡಿದಳು. ಅಂಟುಚೀಟಿಯ ಮೇಲೆ ಏನು ಬರೆಯುವುದೆಂದು ಯೋಚಿಸಿ, ಹಳೆಯ ಪ್ರಶ್ನೆಪತ್ರಿಕೆ ಎಂದು ಬರೆದಳು. ಅಂಥದನ್ನು ಆ ಮನೆಯಲ್ಲಾಗಲೀ ಇಲ್ಲಾಗಲೀ ಯಾರೂ ತೆರೆಯುವುದಿಲ್ಲ.

ಶಹಾಬುದ್ದೀನ ಬೀಗದ ಗೊಂಚಲು ಆಡಿಸುತ್ತ ಮೇಲೆ ಬಂದ. "ಏನ್ರಿ ಬಾಯಾರ, ಇಷ್ಟ ಬೆಳಗ್ಗೆ? ಪ್ರೋಗ್ರಾಂ ಅಂತೂ ಹುಬ್ಬಳ್ಳಿಗೆ ಹೋತು, ಇನ್ನೇನ್ ನೋಡಾಕತ್ತೀರಿ?"

"ಏನಿಲ್ರಿ ಸಾಹೇಬ್ರ. ನಮ್ಮವರದೊಂದು ಪೇಪರ್ ಹೊಡೀಬೇಕಿತ್ತು."

"ಹೊಡದ್ರಿ?"

"ಇಲ್ರಿ" ಎಂದಳು. "ಆಮ್ಯಾಲೆ."

ಕಂಪ್ಯೂಟರಿಗೆ ಕೆಂಪು ಮುಸುಕು ಹೊದಿಸಿ, ನಾಲ್ಕನೆಯ ಟೈಪ್‌ರೈಟರಿನ ಮುಂದೆ ಕೂತು, ನಿನ್ನೆಯಿಂದ ಅರ್ಧಕ್ಕೇ ನಿಂತಿದ್ದ ಸುರುಳಿಯನ್ನು ಗೂಟಕ್ಕೆ ಸಿಕ್ಕಿಸಿ ತಿರುವತೊಡಗಿದಳು.